ಯಾದಗಿರಿಯ ಮಹಿಳಾ ಸಾಕ್ಷರತೆ: ಯಾವ ಅಂಕಿ ಎಲ್ಲಿಗೆ ಸಾಕು?

ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದಬಲ್ಲವರು ಎಷ್ಟು ಎಂದು ತಿಳಿಯಬೇಕಿದ್ದರೆ, ಮೊದಲು ಅಂಕಿ ಬೇಕಿರುವುದು ಜಿಲ್ಲೆಗೋ ಒಂದು ಹಳ್ಳಿಗೋ ಎಂದು ಗಟ್ಟಿಮಾಡಿಕೊಳ್ಳಿ.

ಹಳ್ಳಿಗಾದರೆ ಜನಗಣತಿಯೇ ಗತಿ. ಅದು ಮನೆಮನೆಗೂ ಹೋಗುತ್ತದೆ. ಆದರೆ 2011ರ ಗಣತಿಯಲ್ಲಿ ಓದಿಸಿ ನೋಡಲಿಲ್ಲ. ಮನೆಯವರು ಹೇಳಿದ್ದನ್ನೇ ಬರೆದುಕೊಂಡರು. ಹೆಸರು ಬರೆಯಲು ಮಾತ್ರ ಕಲಿತ ಅತ್ತೆಯನ್ನೂ ಸೊಸೆ ‘ಓದ್ತಾರೆ’ ಎಂದರೆ ಲೆಕ್ಕ ಏರುತ್ತದೆ. 2001ರ ಜೊತೆ ಹೋಲಿಸುವಾಗಲೂ ಎಚ್ಚರ: ಆಗ ಯಾದಗಿರಿ ಗುಲ್ಬರ್ಗ ಜಿಲ್ಲೆಯೊಳಗಿತ್ತು, ತಾಲ್ಲೂಕುಗಳನ್ನು ಕೂಡಿಸಿಯೇ ಅಂಕಿ ತೆಗೆಯಬೇಕು.

ಜಿಲ್ಲೆಗಾದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದೆ. ಅದು ಕಡಿಮೆ ಓದಿದವರ ಕೈಗೆ ವಾಕ್ಯವಿರುವ ಕಾರ್ಡು ಕೊಟ್ಟು ಓದಿಸುತ್ತದೆ. ಗುಣದಲ್ಲಿ ನನಗೆ ಇದೇ ಮೇಲು. ಕೊರತೆಯಿರುವುದು ಸಂಖ್ಯೆಯಲ್ಲಿ. 400 ಮಹಿಳೆಯರನ್ನು ಕೇಳಿ ಶೇ 40 ಬಂತೆನ್ನಿ. ಸರಳ ಲೆಕ್ಕದಲ್ಲೇ ಆಚೀಚೆ 5 ಶೇಕಡಾ ಅಂಶ ತಪ್ಪಬಹುದು. ಒಂದೇ ಊರಿನ ಹಲವು ಮನೆಗಳನ್ನು ಆರಿಸುವುದರಿಂದ ಅದು 7ರವರೆಗೂ ಹೋದೀತು. ಮುಂದಿನ ಸಲ 44 ಬಂದರೆ ಸುಧಾರಣೆ ಎನ್ನಲಾಗದು. ಆ 400ರಲ್ಲಿ ಸುರಪುರ ತಾಲ್ಲೂಕಿನ 60 ಮಂದಿಯನ್ನಷ್ಟೇ ಬೇರ್ಪಡಿಸಿದರೆ ತಪ್ಪು 12 ಅಂಶ ದಾಟುತ್ತದೆ.

ಶಾಲಾ ದಾಖಲೆ ವರ್ಷವರ್ಷವೂ ಸಿಗುತ್ತದೆ, ಶಾಲೆವಾರು ಸಿಗುತ್ತದೆ. ಅದರಲ್ಲಿ ಶಾಲೆ ಬಿಟ್ಟ ತಾಯಂದಿರಿಲ್ಲ. ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ದುಡಿಯಲು ಹೋದ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದಿರಬಹುದು. ಆದ್ದರಿಂದ ದಾಖಲಾತಿಯ ಬದಲು ತಿಂಗಳುವಾರು ಹಾಜರಿ ಕೇಳಿ. ಸುಗ್ಗಿ ಮುಗಿದ ಮೇಲೆ ಅದು ಕುಸಿದಿದ್ದರೆ ವಲಸೆಯ ಗುರುತು ಅಲ್ಲೇ ಸಿಗುತ್ತದೆ.