ಎರಡು ಮಳೆ ಜಾಕೆಟ್, ಸೋಲುವ ಬಗೆ ಬೇರೆ ಬೇರೆ

ಮಲೆನಾಡಿನ ಜಡಿಮಳೆಯಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡಾಡುವವರಿಗೆ ಮಳೆ ಜಾಕೆಟ್ ಅಂದರೆ ಎರಡು ಆಯ್ಕೆ. ಒಂದು, ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಬಳಿದ ಎರಡೂವರೆ ಪದರದ್ದು; ಆ ಲೇಪವನ್ನು ಕಾಯುವ ತೆಳು ಅಚ್ಚನ್ನು ಅರ್ಧ ಪದರವೆಂದು ಎಣಿಸುತ್ತಾರೆ. ಹಗುರ, ಅಗ್ಗ, ಮಡಚಿದರೆ ಒಂದು ಮುಷ್ಟಿ. ಇನ್ನೊಂದು ಮೂರು ಪದರದ್ದು: ಹೊರಗೆ ನೈಲಾನ್, ನಡುವೆ ಟೆಫ್ಲಾನ್ ಜಾತಿಯ ಪಿಟಿಎಫ್‌ಇ ಪ್ಲಾಸ್ಟಿಕ್ಕನ್ನು ಹಿಗ್ಗಿಸಿ ಮಾಡಿದ ಪೊರೆ, ಒಳಗೆ ತೆಳು ಜಾಳಿಗೆ ಬಟ್ಟೆ. ಬೆಲೆ ಮೂರು ನಾಲ್ಕು ಪಟ್ಟು. ನಾನು ಎರಡನ್ನೂ ಹಲವು ಮಳೆಗಾಲ, ಅದೇ ಬ್ಯಾಗಿನೊಂದಿಗೆ, ಕೊಡಚಾದ್ರಿ, ಆಗುಂಬೆ ಸುತ್ತಿನ ಕಾಡಿನಲ್ಲಿ ಬಳಸಿದ್ದೇನೆ. ಯಾವುದು ಹೆಚ್ಚು ನೀರು ತಡೆಯುತ್ತದೆ ಎನ್ನುವುದಕ್ಕಿಂತ ಯಾವುದು ಹೇಗೆ ಕೆಡುತ್ತದೆ ಎನ್ನುವುದನ್ನು ನೋಡಿ ಆರಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊಸದಿದ್ದಾಗ ನೀರು ತಡೆಯುವುದರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ಚೀಟಿಯ ಮೇಲೆ 10,000 ಅಂತ ಬರೆದಿದ್ದರೆ, ಆ ಬಟ್ಟೆಯ ಮೇಲೆ 10,000 ಮಿಲಿಮೀಟರ್, ಅಂದರೆ 10 ಮೀಟರ್ ಎತ್ತರದ ನೀರು ನಿಂತರೂ ಒಳಗೆ ಜಿನುಗುವುದಿಲ್ಲ ಎಂದರ್ಥ. ನಮ್ಮ ಮಳೆಗೆ ಅದು ಸಾಕು. ಬ್ಯಾಗಿನ ಪಟ್ಟಿ ಒತ್ತುವ ಭುಜಕ್ಕೆ ಹೆಚ್ಚಿನ ಅಂಕಿಯದ್ದು ಒಳ್ಳೆಯದು, ಅಷ್ಟೇ.

ಬೆವರಿನ ವಿಷಯಕ್ಕೆ ಬಂದರೆ ದುಬಾರಿ ಜಾಕೆಟ್ ಕೊಟ್ಟ ಮಾತು ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಗಾಳಿಯಲ್ಲಿ ಹೆಚ್ಚು, ಹೊರಗಿನದರಲ್ಲಿ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ಜಾಕೆಟ್ಟಿನೊಳಗೆ 30 ಡಿಗ್ರಿಯ ತೇವ ತುಂಬಿದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. ಹೊರಗೆ 20 ಡಿಗ್ರಿಯ ಮಳೆಗಾಳಿಯಲ್ಲಿ 17 ಗ್ರಾಂ. ಹಿಮಾಲಯದ 5 ಡಿಗ್ರಿ ಚಳಿಯಲ್ಲಾದರೆ ಅದು 7 ಗ್ರಾಮಿಗೆ ಇಳಿಯುತ್ತದೆ. ಅಲ್ಲಿ 23 ಗ್ರಾಮಿನ ಅಂತರ, ಇಲ್ಲಿ ಬರೀ 13. ಹಾಗಾಗಿ ಏರು ಹತ್ತುವಾಗ ಎರಡೂ ಜಾಕೆಟ್ಟಿನಲ್ಲಿ ನಾನು ಒಳಗಿನಿಂದಲೇ ಚಂಡಿಯಾಗುತ್ತೇನೆ. ಮೂರು ಪದರದ್ದರಲ್ಲಿ ಒಳಬಟ್ಟೆ ಬೆವರನ್ನು ಹರಡುವುದರಿಂದ ಮೈಗೆ ಅಂಟುವುದಿಲ್ಲ. ಎರಡೂವರೆ ಪದರದ್ದು ತೋಳಿಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತದೆ. ಕಂಕುಳ ಜಿಪ್ ಇದ್ದ ಅಗ್ಗದ ಜಾಕೆಟ್, ಜಿಪ್ ಇಲ್ಲದ ದುಬಾರಿಯದ್ದಕ್ಕಿಂತ ಎಷ್ಟೋ ಹಿತ. ಕಂಬಳಿಕೊಪ್ಪೆ ಹೊದ್ದು ಗದ್ದೆ ನೆಟ್ಟವರು ಹಗಲಿಡೀ ಬಗ್ಗಿ ದುಡಿದದ್ದೂ ಕೆಳಗಿನಿಂದ ಗಾಳಿಯಾಡುತ್ತಿದ್ದುದರಿಂದಲೇ.

ಇನ್ನು ಹೊರಬಟ್ಟೆಯ ಮೇಲಿನ ನೀರು ಜಾರಿಸುವ ಲೇಪ. ಹೊಸದರಲ್ಲಿ ಹನಿಗಳು ಉರುಳಿ ಬೀಳುತ್ತವೆ. ಅದು ಸವೆದಾಗ ಬಟ್ಟೆ ನೀರು ಕುಡಿದು ಕಪ್ಪಗಾಗುತ್ತದೆ. ನೀರು ಪೊರೆ ದಾಟಿರುವುದಿಲ್ಲ, ಆದರೆ ಜಾಕೆಟ್ ಭಾರವಾಗಿ, ತಣ್ಣಗಾಗಿ, ಆವಿಗೆ ದಾರಿ ಮುಚ್ಚಿ, ಒಳಮೈಯಲ್ಲಿ ಬೆವರು ಹನಿಗಟ್ಟುತ್ತದೆ. ಸೋರುತ್ತಿದೆ ಎಂದು ಜನ ಜಾಕೆಟ್ ಬಿಸಾಡುವುದು ಇಲ್ಲೇ. ಕಂಫರ್ಟ್ ತರಹದ ಮೆದುಕಾರಕ ಹಾಕದೆ ದ್ರವ ಸಾಬೂನಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಒಗೆಯುವ ಚೀಟಿ ಒಪ್ಪಿದರೆ ಕಡಿಮೆ ಬಿಸಿಯಲ್ಲಿ ಒಣಗಿಸಿದರೆ ಹನಿ ಮತ್ತೆ ಉರುಳಲು ಶುರುವಾಗುತ್ತದೆ. ಆಗದಿದ್ದರೆ ಲೇಪದ ಸ್ಪ್ರೇ ಬೇಕು. ಫ್ಲೋರಿನ್ ಇಲ್ಲದ ಈಗಿನ ಲೇಪಗಳು ನೀರನ್ನು ಜಾರಿಸುತ್ತವೆ, ಎಣ್ಣೆಯನ್ನು ಜಾರಿಸಲಾರವು. ಕೊರಳ ಪಟ್ಟಿ, ಟೋಪಿಯ ಅಂಚು ಬೇಗ ನೀರು ಕುಡಿಯುವುದು ತಲೆಯೆಣ್ಣೆಯಿಂದ. ಅವನ್ನು ಹೆಚ್ಚು ಸಲ ಒಗೆಯಬೇಕು.

ನಿಜವಾದ ಸೋರಿಕೆ ಬರುವುದು ಹೊಲಿಗೆಯಿಂದ. ಸೂಜಿ ಚುಚ್ಚಿದಲ್ಲೆಲ್ಲ ಪೊರೆಗೆ ತೂತು. ಅದನ್ನು ಮುಚ್ಚಲು ಒಳಗಿನಿಂದ ಬಿಸಿಗಾಳಿ ಹಾಯಿಸಿ, ಉರುಳೆಯಲ್ಲಿ ಒತ್ತಿ, ಅಂಟುಪಟ್ಟಿ ಕೂರಿಸುತ್ತಾರೆ. ಪಟ್ಟಿಗೆ ಕಷ್ಟವಾಗುವ ಜಾಗ ಯಾವುದೆಂದರೆ ಎರಡು ಹೊಲಿಗೆ ಅಡ್ಡ ಹಾಯುವಲ್ಲಿ. ಅಲ್ಲಿ ಬಟ್ಟೆ ದಪ್ಪ, ಮೆಟ್ಟಿಲಿನಂತೆ ಏರುಪೇರು. ಪಟ್ಟಿಯ ಅಡಿಯಲ್ಲಿ ಸಣ್ಣ ಸುರಂಗ ಉಳಿದರೆ ನೀರು ಅದರೊಳಗೆ ಹರಿದು ಎಲ್ಲೋ ದೂರದಲ್ಲಿ ಹೊರಬೀಳುತ್ತದೆ.

ನನ್ನ ಮೂರು ಪದರದ ಜಾಕೆಟ್ಟಿನಲ್ಲಿ ಎಡ ತೋಳಿನ ಮೇಲ್ಭಾಗ ಒದ್ದೆಯಾಗತೊಡಗಿತ್ತು. ಬೆವರೋ ಸೋರಿಕೆಯೋ ಎಂದು ತಿಳಿಯಲು ಒಣಗಿದ ಜಾಕೆಟ್ಟಿನ ಭುಜವನ್ನು ಬೋಗುಣಿಯ ಮೇಲೆ ತಗ್ಗು ಮಾಡಿ ಹಾಸಿ, ಹೊರಮೈ ಮೇಲೆ ಬರುವಂತಿಟ್ಟು, ಎರಡು ಬೆರಳಷ್ಟು ನೀರು ನಿಲ್ಲಿಸಿದೆ. ಅಡಿಯಲ್ಲಿ ಟಿಶ್ಯೂ ಕಾಗದ. ಕಾಲು ಗಂಟೆ ಬಿಟ್ಟು ನೋಡಿದರೆ ಕಾಗದದಲ್ಲಿ ಒಂದೇ ಗೆರೆಯ ಒದ್ದೆ. ಗೆರೆಯಾದರೆ ಪಟ್ಟಿ ಬಿಟ್ಟಿದೆ. ಹರಡಿದ ಕಲೆಯಾದರೆ ಪೊರೆ ಸವೆದಿದೆ. ಕಾಗದ ಒಣಗಿಯೇ ಇದ್ದರೆ ಅದು ಬೆವರು. ಪಟ್ಟಿಯನ್ನು ಉಗುರಿನಿಂದ ಮೀಟಿದಾಗ ತೋಳು-ಭುಜ ಸೇರುವ ಅಡ್ಡಹೊಲಿಗೆಯಲ್ಲಿ ಅಂಚು ಎದ್ದಿತು. ಬ್ಯಾಗಿನ ಪಟ್ಟಿ ಉಜ್ಜುವುದು ಸರಿಯಾಗಿ ಅಲ್ಲೇ.

ಪಟ್ಟಿಯ ಅಂಟು ಬಹುಪಾಲು ಇನ್ನೂ ಇತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಬೇಕಿಂಗ್ ಕಾಗದದ ಮೇಲಿಂದ ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒತ್ತಿದೆ. ತಣಿಯುವವರೆಗೂ ಮೇಲೆ ಭಾರವಿಟ್ಟಿದ್ದು ಮುಖ್ಯ. ಅಂಟು ಹಿಡಿಯುವುದು ತಣಿಯುವಾಗ. ಅಂಟು ಪೂರ್ತಿ ಸತ್ತ ಎರಡು ಅಂಗುಲ ಜಾಗಕ್ಕೆ ಪಾಲಿಯುರೆಥೇನ್ ಹೊಲಿಗೆ-ಅಂಟನ್ನು ತೆಳ್ಳಗೆ ಸವರಿ ರಾತ್ರಿಯಿಡೀ ಬಿಟ್ಟೆ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಬಗೆಯದು, ಆದ್ದರಿಂದ ಮಳೆಗಾಲದಲ್ಲೂ ಒಣಗುತ್ತದೆ. ಮತ್ತೆ ಬೋಗುಣಿ ಪರೀಕ್ಷೆ ಮಾಡಿದಾಗ ಕಾಗದ ಒಣಗಿತ್ತು.

ಎರಡೂವರೆ ಪದರದ್ದು ಕೆಟ್ಟ ರೀತಿಯೇ ಬೇರೆ. ಮೊದಲು ಒಳಮೈ ಕೈಗೆ ಅಂಟತೊಡಗಿತು, ಆಮೇಲೆ ಹುಳಿ ವಾಸನೆ, ನಂತರ ಭುಜದಲ್ಲಿ ಬಿಳಿ ಚಕ್ಕೆಗಳು ಉದುರಿದವು. ಎಸ್ಟರ್ ಬಗೆಯ ಪಾಲಿಯುರೆಥೇನಿನ ಬಂಧಗಳನ್ನು ನೀರೇ ನಿಧಾನ ಕತ್ತರಿಸುತ್ತದೆ. ಸೆಕೆ, ತೇವ ಎರಡೂ ಸೇರಿದರೆ ಬೇಗ. ಅಂದರೆ ಹಾಕಿಕೊಳ್ಳದೆ ಬೀರುವಿನಲ್ಲಿ ಒದ್ದೆ ಮಡಚಿಟ್ಟರೂ ಅದು ಸಾಯುತ್ತಿರುತ್ತದೆ. ಇಂಥದ್ದರಲ್ಲಿ ಪಟ್ಟಿ ಕೂತಿರುವುದೇ ಆ ಲೇಪದ ಮೇಲೆ, ಹಾಗಾಗಿ ಲೇಪ ಎದ್ದಾಗ ಪಟ್ಟಿಯೂ ಅದರ ಜೊತೆಗೇ ಎದ್ದು ಬರುತ್ತದೆ. ಅಂಟು ಹಚ್ಚಲು ನೆಲೆಯೇ ಉಳಿಯುವುದಿಲ್ಲ, ಇಸ್ತ್ರಿ ಇಟ್ಟರೆ ಇನ್ನಷ್ಟು ಕಿತ್ತುಬರುತ್ತದೆ. ರಿಪೇರಿ ಇಲ್ಲ.

ಪಿಟಿಎಫ್‌ಇ ಪೊರೆಗೆ ನೀರಿನಿಂದ ಈ ಕಾಟವಿಲ್ಲ. ಆದರೆ ಅದನ್ನು ಬಟ್ಟೆಗೆ ಹಿಡಿದಿರುವ ಅಂಟಿಗೆ ಉಂಟು. ಅದು ಬಿಟ್ಟಾಗ ಬಟ್ಟೆ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಅಂಗೈ ಅಗಲದ ಗುಳ್ಳೆ ಬಂದರೆ ಅದಕ್ಕೂ ಮನೆಮದ್ದಿಲ್ಲ. 2022ರಿಂದ, ಇಂಥ ಪೊರೆ ತಯಾರಿಸುವ ಗೋರ್ ಕಂಪನಿ ಪಿಟಿಎಫ್‌ಇ ಬದಲು ಹಿಗ್ಗಿಸಿದ ಪಾಲಿಎಥಿಲೀನಿನ ಪೊರೆಯನ್ನೂ ತಂದಿದೆ. ಅದನ್ನು ನಾನು ಬಳಸಿಲ್ಲ, ಹೋಲಿಕೆಗೆ ತರುವುದಿಲ್ಲ.

ವರ್ಷಕ್ಕೆ ನಾಲ್ಕು ದಿನ ಮಳೆಯಲ್ಲಿ ಓಡಾಡುವವರಿಗೆ ಎರಡೂವರೆ ಪದರದ್ದು ಸಾಕು, ಒಣಗಿಸಿ ಗಾಳಿಯಾಡುವಲ್ಲಿ ನೇತುಹಾಕುವುದಾದರೆ. ಆಷಾಢವಿಡೀ ಬ್ಯಾಗ್ ಹೊತ್ತು ತಿರುಗುವವರಿಗೆ ಮೂರು ಪದರದ್ದೇ ಸರಿ, ಏಕೆಂದರೆ ಅದು ಒಂದೊಂದೇ ಹೊಲಿಗೆಯಲ್ಲಿ ಸೋಲುತ್ತದೆ, ಸರಿಪಡಿಸಲು ಸಮಯ ಕೊಡುತ್ತದೆ. ಅಂಗಡಿಯಲ್ಲಿ ಚೀಟಿಯ ಅಂಕಿ ನೋಡುವ ಮೊದಲು ಜಾಕೆಟ್ ಒಳಹೊರಗು ಮಾಡಿ, ಕಂಕುಳಲ್ಲೂ ಟೋಪಿಯ ಬುಡದಲ್ಲೂ ಅಡ್ಡಹೊಲಿಗೆ ಹುಡುಕಿ ಬೆರಳಾಡಿಸಿ. ಪಟ್ಟಿಯ ಅಂಚು ಎಲ್ಲಾದರೂ ಎದ್ದಿದ್ದರೆ, ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿದರೆ, ಬೇರೆ ಜಾಕೆಟ್ ಕೊಡಿ ಅನ್ನಿ.