ಕಿರಾಣಿ ಚೀಟಿಯ ಮೊತ್ತ ನಂಬಿ ದುಡ್ಡು ಕೊಡಬೇಡಿ: ಪುಣೆಯಲ್ಲಿ ನಮಗಾದದ್ದು

ಪುಣೆ, ಮುಂಬೈ ಕಡೆ ಕಿರಾಣಿ ಅಂಗಡಿಯಲ್ಲಿ ಕೈಯಲ್ಲಿ ಬರೆದ ಚೀಟಿ ತಗೊಂಡು ಸಾಮಾನು ತರುವವರು ಇದನ್ನು ಓದಿ, ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ. ಅಂಗಡಿಯ ಹೆಸರು ಹಾಕುವುದಿಲ್ಲ. ಅಂಗಡಿಯವ ಬೇಕಂತಲೇ ಮಾಡಿದ ಅಂತಲೂ ನಾನು ಹೇಳುತ್ತಿಲ್ಲ. ಆದರೆ ದುಡ್ಡು ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ ತಪ್ಪು ಯಾರದೇ ಇರಲಿ, ಅದು ವಾಪಸ್ ಬರುವುದು ಬಹಳ ಕಷ್ಟ.

ನಾವಿರುವುದು ಕಾತ್ರಜ್ ಕಡೆ. ಹಬ್ಬದ ಮುಂಚಿನ ಸಂಜೆ ನಮ್ಮ ಅತ್ತೆ ಗಲ್ಲಿಯ ಅಂಗಡಿಯಿಂದ ಹತ್ತು ಸಾಮಾನು ತಂದರು. ಚೀಟಿಯಲ್ಲಿ ಮೊತ್ತ 1,258 ಇತ್ತು, ಅಷ್ಟೂ ಕೊಟ್ಟು ಬಂದಿದ್ದರು. ಚೀಲ ಬಿಚ್ಚುತ್ತಾ ನಾನು ಚೀಟಿ ನೋಡಿದೆ. ಕೋಲಂ ಅಕ್ಕಿ 5 ಕಿಲೋ 320, ತೊಗರಿಬೇಳೆ 148, ಶೇಂಗಾ ಎಣ್ಣೆ 189, ಸಕ್ಕರೆ 2 ಕಿಲೋ 92, ಜೋಳ 2 ಕಿಲೋ 112, ಶೇಂಗಾ ಅರ್ಧ ಕಿಲೋ 78, ರವೆ 47, ಅವಲಕ್ಕಿ 36, ಚಹಾಪುಡಿ 118, ಬಟ್ಟೆ ಸೋಪು 38. ಪೂರ್ತಿ ಕೂಡಿದರೆ 1,178 ಆಗುತ್ತದೆ. ಎಂಬತ್ತು ರೂಪಾಯಿ ಹೆಚ್ಚು ಹೋಗಿತ್ತು.

ಎಂಬತ್ತು ಎಲ್ಲಿಂದ ಬಂತು ಅಂತ ಹುಡುಕಿದಾಗ ಜೋಳದ ಸಾಲು ಸಿಕ್ಕಿತು. ಇಲ್ಲಿ ಬಹಳಷ್ಟು ಅಂಗಡಿಯವರು ನಾಗರಿ ಅಂಕಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಒಂದಕ್ಕೂ ಒಂಬತ್ತಕ್ಕೂ ಮೇಲೊಂದು ಸುತ್ತು, ಕೆಳಗೊಂದು ಬಾಲ. ಅವಸರದಲ್ಲಿ ಗೀಚಿದರೆ ಒಂದು ಇನ್ನೊಂದರಂತೆ ಕಾಣುತ್ತದೆ. 112 ಅಂತ ತಾನೇ ಬರೆದದ್ದನ್ನು ಕ್ಯಾಲ್ಕುಲೇಟರ್‌ಗೆ ಹಾಕುವಾಗ 192 ಅಂತ ಓದಿದ್ದಾನೆ, ಅಷ್ಟೇ. ನಡುವಿನ ಅಂಕಿ ತಪ್ಪಿದ್ದಕ್ಕೆ ಎಂಬತ್ತು ಹೋಯಿತು. ಮೊದಲಿನ ಅಂಕಿ ಹಾಗೆ ತಪ್ಪಿದ್ದರೆ ಎಂಟು ನೂರು ಹೋಗುತ್ತಿತ್ತು, ಆದರೆ ಅಷ್ಟು ದೊಡ್ಡದು ಯಾರ ಕಣ್ಣಿಗಾದರೂ ಬೀಳುತ್ತದೆ. ಎಂಬತ್ತು ಬೀಳುವುದಿಲ್ಲ.

ಚೀಟಿ ಹಿಡಿದು ಹೋದೆ. ಆತ ನೋಡಿ, ಅದು ಒಂಬತ್ತೇ, ಜೋಳ ಕಿಲೋಗೆ 96, ಒಳ್ಳೇ ಮಾಲು ಅಂದುಬಿಟ್ಟ. ಅತ್ತೆ ಮನೆಯಲ್ಲಿ ಸ್ಪಷ್ಟ ಹೇಳಿದ್ದರು, "ನಾ ಕೇಳೇ ತಗೊಂಡೀನವಾ, ಐವತ್ತಾರು ಅಂದಾನ." ಆದರೆ ಬಾಯಿಮಾತಿಗೆ ಸಾಕ್ಷಿ ಎಲ್ಲಿ? ಚೀಲದಿಂದ ತೂಗಿ ಕೊಟ್ಟ ಬಿಡಿ ಜೋಳದ ಮೇಲೆ ಪ್ಯಾಕೆಟ್ಟಿನ ಹಾಗೆ ಎಂಆರ್‌ಪಿ ಅಚ್ಚಾಗಿರುವುದಿಲ್ಲ. ಗಿರಾಕಿಗಳೆಲ್ಲ ನೋಡುತ್ತಿದ್ದರು, ಆತ ದನಿ ಏರಿಸಿದ, ಒಂದು ಪೈಸೆಯೂ ಕೊಡಲಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿದ್ದರೆ ಇದೇ ಮನುಷ್ಯ "ಅರೆ ಹೌದಲ್ಲ" ಅಂತ ಮತ್ತೆ ಕೂಡಿ ಕೊಡುತ್ತಿದ್ದ ಅನ್ನೋದು ನನ್ನ ಗಟ್ಟಿ ನಂಬಿಕೆ.

ನಾನು ಈಗ ಮಾಡುವ ಲೆಕ್ಕ ಇದು. ಇದಕ್ಕೆ ಪೆನ್ನೂ ಬೇಡ, ಮೊಬೈಲೂ ಬೇಡ. ಪ್ರತಿ ಸಾಮಾನಿನ ಬೆಲೆಯನ್ನು ಹತ್ತಿರದ ಹತ್ತಕ್ಕೆ ಒಯ್ಯಿರಿ. ಕೊನೆಯ ಅಂಕಿ ಐದು ಅಥವಾ ಹೆಚ್ಚಿದ್ದರೆ ಮೇಲಕ್ಕೆ, ನಾಲ್ಕು ಅಥವಾ ಕಡಿಮೆ ಇದ್ದರೆ ಕೆಳಕ್ಕೆ. ಆಮೇಲೆ ಸೊನ್ನೆ ಮರೆತುಬಿಡಿ, ಬರೀ ಹತ್ತುಗಳನ್ನು ಎಣಿಸಿ. ಮೇಲಿನ ಚೀಟಿ ಹೀಗಾಗುತ್ತದೆ: 32, 15, 19, 9, 11, 8, 5, 4, 12, 4. ಇವನ್ನು ಸಾಲಾಗಿ ಕೂಡಬೇಕಾಗಿಲ್ಲ, ಒಂದಕ್ಕೊಂದು ಹೊಂದುವುದನ್ನು ಜೋಡಿಸಿ. 15ಕ್ಕೆ 5 ಸೇರಿದರೆ 20. 19ಕ್ಕೆ 11 ಸೇರಿದರೆ 30. 12ಕ್ಕೆ 8 ಸೇರಿದರೆ 20. 32ಕ್ಕೆ ಎರಡು ನಾಲ್ಕು ಸೇರಿದರೆ 40. ಉಳಿದದ್ದು 9. ಒಟ್ಟು 119 ಹತ್ತು, ಅಂದರೆ 1,190 ರೂಪಾಯಿ. ಆತ ಚೀಲ ಕಟ್ಟುವಷ್ಟರಲ್ಲಿ ಇದು ಮುಗಿಯುತ್ತದೆ.

ಈಗ ಮುಖ್ಯವಾದ ಪ್ರಶ್ನೆ: ಅಂದಾಜು 1,190, ಚೀಟಿ 1,258. ಇಷ್ಟು ವ್ಯತ್ಯಾಸ ಅಂದಾಜಿನದೇ ಇರಬಹುದಲ್ಲ? ಇರಲಾರದು. ಹತ್ತಕ್ಕೆ ಒಯ್ದಾಗ ಒಂದು ಸಾಮಾನಿನಲ್ಲಿ ಹೆಚ್ಚೆಂದರೆ ಐದು ರೂಪಾಯಿ ಆಚೀಚೆ ಆಗುತ್ತದೆ. ಹತ್ತು ಸಾಮಾನಿಗೆ ಹೆಚ್ಚೆಂದರೆ ಐವತ್ತು. ನಿಜವಾದ ಮೊತ್ತ 1,140ರಿಂದ 1,240ರ ಒಳಗೇ ಇರಬೇಕು. 1,258 ಅದರಾಚೆ ಇದೆ, ಹಾಗಾದರೆ ಎಲ್ಲೋ ತಪ್ಪು ಖಂಡಿತ ಇದೆ. ಸಾಮಾನಿನ ಸಂಖ್ಯೆಯನ್ನು ಐದರಿಂದ ಗುಣಿಸಿ, ಅಷ್ಟನ್ನು ಮೀರಿ ವ್ಯತ್ಯಾಸ ಬಂದರೆ ದುಡ್ಡು ಕೊಡಬೇಡಿ.

ಐವತ್ತರ ಒಳಗಿದ್ದರೂ ಸುಮ್ಮನೆ ಇರಬೇಡಿ, ವ್ಯತ್ಯಾಸ ಯಾವ ಕಡೆ ಇದೆ ನೋಡಿ. ಕೆಲವು ಮೇಲೆ, ಕೆಲವು ಕೆಳಗೆ ಹೋಗುವುದರಿಂದ ಸಾಮಾನ್ಯವಾಗಿ ಹತ್ತು ಹದಿನೈದು ರೂಪಾಯಿಯಷ್ಟೇ ಅಂತರ ಉಳಿಯುತ್ತದೆ. ನಮ್ಮ ಚೀಟಿಯಲ್ಲಿ 148, 189, 78, 47, 118 ಇಂಥವೇ ಜಾಸ್ತಿ, ಅವೆಲ್ಲ ಮೇಲಕ್ಕೇ ಹೋದವು. ಹಾಗಾಗಿ ಅಂದಾಜು ನಿಜಕ್ಕಿಂತ ತುಸು ಹೆಚ್ಚೇ ಬರಬೇಕು, ಬಂದೂ ಇದೆ, 12 ರೂಪಾಯಿ. ಇಂಥ ಬೆಲೆಗಳಿರುವಾಗ ಅಂಗಡಿಯವನ ಮೊತ್ತ ನಿಮ್ಮ ಅಂದಾಜಿಗಿಂತ ಮೇಲಿದ್ದರೆ ಅಲ್ಲೇ ಅನುಮಾನ ಪಡಿ.

ಹತ್ತಕ್ಕೆ ಬದಲು ನೂರಕ್ಕೆ ಒಯ್ಯಬೇಡಿ, ಸುಲಭ ಅನ್ನಿಸಿದರೂ. ಆಗ ಒಂದು ಸಾಮಾನಿಗೆ ಐವತ್ತರವರೆಗೆ ಆಚೀಚೆ ಆಗುತ್ತದೆ, ಹತ್ತಕ್ಕೆ ಐನೂರು. ನಮ್ಮ ಎಂಬತ್ತು ಅದರಲ್ಲಿ ಸದ್ದಿಲ್ಲದೆ ಮುಳುಗಿಹೋಗುತ್ತದೆ. ಹತ್ತರ ಲೆಕ್ಕಕ್ಕೂ ಮಿತಿ ಇದೆ. ಚೀಟಿಯಲ್ಲಿ 1,178ರ ಬದಲು 1,188 ಬರೆದಿದ್ದರೆ ಅದು ಸಿಗುತ್ತಿರಲಿಲ್ಲ. ಅಷ್ಟು ಸಣ್ಣದು ಬೇಕಾದರೆ ರೂಪಾಯಿ ರೂಪಾಯಿ ಕೂಡಬೇಕು.

ಇನ್ನೊಂದು. ಅಂದಾಜು ಮಾಡುವಾಗ ಬೆಲೆಯನ್ನು ಚೀಟಿಯಿಂದ ಓದಬೇಡಿ, ಅಂಗಡಿಯವ ಹೇಳಿದ ದರ ಮತ್ತು ಪ್ಯಾಕೆಟ್ಟಿನ ಮೇಲಿನ ಬೆಲೆಯಿಂದ ಎಣಿಸಿ. ಅಚ್ಚಾದ ಕಂಪ್ಯೂಟರ್ ಬಿಲ್ಲಿಗಂತೂ ಇದು ಇನ್ನೂ ಮುಖ್ಯ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ. ಆದರೆ ಒಂದೇ ಎಣ್ಣೆ ಪ್ಯಾಕೆಟ್ಟು ಎರಡು ಸಲ ಬೀಪ್ ಆಗಿದ್ದರೆ, ಹಲಗೆಯ ಮೇಲೆ ಬರೆದ ರಿಯಾಯಿತಿ ಬಿಲ್ಲಿಗೆ ಇಳಿಯದಿದ್ದರೆ, ಬಿಲ್ಲಿನ ಅಂಕಿಗಳನ್ನೇ ಕೂಡಿದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. ಬುಟ್ಟಿಗೆ ಒಂದೊಂದೇ ಹಾಕುವಾಗಲೇ ಹತ್ತುಗಳನ್ನು ಎಣಿಸುತ್ತಾ ಹೋದರೆ ಬಿಲ್ ಕೈಗೆ ಬರುವ ಹೊತ್ತಿಗೆ ನಿಮ್ಮ ಮೊತ್ತ ನಿಮ್ಮ ಹತ್ತಿರ ಇರುತ್ತದೆ. ಸಾಮಾನೆಷ್ಟು, ಬಿಲ್ಲಿನ ಸಾಲೆಷ್ಟು ಅಂತಲೂ ಒಮ್ಮೆ ಎಣಿಸಿ. ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಅಂತ ಹಾಕಿದ್ದರೆ ಒಪ್ಪಬೇಡಿ. ಅಂಗಡಿಯವ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ವ್ಯತ್ಯಾಸ ಕಂಡಾಗ ಜಗಳ ಬೇಡ. ನೋಟು ಕೈಯಲ್ಲೇ ಇರಲಿ, ಯುಪಿಐ ಆದರೆ ಪಿನ್ ಒತ್ತಬೇಡಿ. "ಭಾವೂ, ಬೇರೀಜ್ ಪುನ್ಹಾ ಏಕದಾ ಕರಾ" ಅನ್ನಿ. ಮೊತ್ತ ಇನ್ನೊಮ್ಮೆ ಕೂಡಿ ಅಂತ ಅರ್ಥ, ಮರಾಠಿ ಅಷ್ಟಾಗಿ ಬಾರದ ನಮ್ಮ ಅತ್ತೆಯೂ ಇದನ್ನು ಸಲೀಸಾಗಿ ಹೇಳುತ್ತಾರೆ. ಆತ ಕೂಡುವಾಗ ಒಂದೊಂದು ಅಂಕಿಯನ್ನೂ ಬಾಯಿಬಿಟ್ಟು ಓದಲು ಹೇಳಿ. ಒಂದನ್ನು ಒಂಬತ್ತು ಅಂತ ಓದಿದ ಕ್ಷಣ ಅಲ್ಲೇ ತಡೆಯಬಹುದು.