ವೆಲ್ವೆಟ್ ಬ್ಲೌಸ್ ಹೊಲಿಯಲು ಕೊಡುವ ಮುಂಚೆ ಇದನ್ನು ಓದಿಕೊಳ್ಳಿ

ರೇಷ್ಮೆ, ಕಾಟನ್ ಬ್ಲೌಸ್ ಚೆನ್ನಾಗಿ ಹೊಲಿಯುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ ವೆಲ್ವೆಟ್ ಬಟ್ಟೆಯನ್ನು ಟೈಲರ್ ಕೈಗೆ ಕೊಡಬೇಡಿ. ನನ್ನ ನಾದಿನಿಯ ಆರತಕ್ಷತೆಗೆ ಮರೂನ್ ಬಣ್ಣದ, ಉದ್ದ ತೋಳಿನ ವೆಲ್ವೆಟ್ ಬ್ಲೌಸ್ ಹೊಲಿಸಿದೆವು. ಅಳತೆಯಲ್ಲಿ ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ಆದರೆ ಹಾಲ್‌ನ ದೀಪದ ಕೆಳಗೆ ನಿಂತಾಗ ಬಲತೋಳು ಕಡು ಮರೂನ್, ಎಡತೋಳು ಬೂದಿ ಮೆತ್ತಿದಂತೆ ತಿಳಿ! ಜೊತೆಗೆ ಕುತ್ತಿಗೆಯ ಸುತ್ತ ಒಂದಿಂಚು ಅಗಲದ ಹೊಳೆಯುವ ಪಟ್ಟಿ, ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಅಚ್ಚು. ಟೈಲರ್‌ನನ್ನು ಕೇಳಿದರೆ, "ವೆಲ್ವೆಟ್ ಅಂದ್ರೆ ಹಾಗೇ ಮೇಡಂ, ಡಬಲ್ ಶೇಡ್ ಬರುತ್ತೆ" ಎಂದುಬಿಟ್ಟರು.

ಬರುವುದಿಲ್ಲ. ಮನೆಯಲ್ಲಿ ನಾನೂ ಹೊಲಿಯುತ್ತೇನೆ, ಹಾಗಾಗಿ ಲೈನಿಂಗ್ ಬಿಚ್ಚಿ ನೋಡಿದೆ. ಏನು ನಡೆದಿದೆ ಎಂದು ಅಲ್ಲೇ ಗೊತ್ತಾಯಿತು.

ವೆಲ್ವೆಟ್‌ನ ಮೇಲಿರುವ ಸಣ್ಣ ನವಿರು ನೆಟ್ಟಗೆ ನಿಂತಿರುವುದಿಲ್ಲ, ಒಂದು ದಿಕ್ಕಿಗೆ ಸ್ವಲ್ಪ ವಾಲಿರುತ್ತದೆ. ಸಾಮಾನ್ಯವಾಗಿ ಅದು ಬಟ್ಟೆಯ ಉದ್ದದ ಅಂಚಿಗೆ ಸಮಾನಾಂತರವಾಗಿ ಒಂದು ಕಡೆಗೆ ಮಲಗಿರುತ್ತದೆ. ಆ ಕಡೆಗೆ ಕೈ ಸವರಿದರೆ ಜಾರುತ್ತದೆ, ಎದುರು ಸವರಿದರೆ ತಡೆಯುತ್ತದೆ. ನವಿರಿನ ತುದಿ ಮೇಲ್ಮುಖವಾಗಿದ್ದರೆ ನೋಡುವವರ ಕಣ್ಣಿಗೆ ಅದರ ಒಳಗಿನ ಆಳ ಕಾಣುತ್ತದೆ, ಬಣ್ಣ ಗಾಢವಾಗುತ್ತದೆ. ಕೆಳಮುಖವಾಗಿದ್ದರೆ ನವಿರಿನ ಮಗ್ಗುಲಿಗೆ ಬೆಳಕು ಬಿದ್ದು ಹೊಳೆಯುತ್ತದೆ, ಅದೇ ಬಣ್ಣ ತಿಳಿಯಾಗುತ್ತದೆ. ಎರಡರಲ್ಲಿ ಯಾವ ದಿಕ್ಕನ್ನಾದರೂ ಆರಿಸಿಕೊಳ್ಳಬಹುದು. ಬಣ್ಣ ತುಂಬಿ ಕಾಣಲಿ ಎನ್ನುವವರು ಮೇಲ್ಮುಖ ಮಾಡುತ್ತಾರೆ, ಹೆಚ್ಚು ಬಳಸುವ ಬಟ್ಟೆಗೆ ಕೆಳಮುಖ ಬಾಳಿಕೆ ಬರುತ್ತದೆ. ಆದರೆ ಮುಂಭಾಗ, ಹಿಂಭಾಗ, ತೋಳು, ಕೊನೆಗೆ ಕೆಳಗಿನ ಬೆಲ್ಟ್ ಪಟ್ಟಿಯವರೆಗೆ ಎಲ್ಲದರ ನವಿರೂ ಒಂದೇ ದಿಕ್ಕಿಗಿರಬೇಕು.

ನಮ್ಮ ಬ್ಲೌಸ್ ಕೆಟ್ಟಿದ್ದು ಮಡಿಕೆಯಲ್ಲಿ. ತೋಳು ಕತ್ತರಿಸಲು ನಮ್ಮ ಟೈಲರ್‌ಗಳು ಬಟ್ಟೆಯನ್ನು ನಾಲ್ಕು ಪದರ ಮಾಡಿ, ಒಂದೇ ಏಟಿಗೆ ಎರಡೂ ತೋಳು ತೆಗೆಯುತ್ತಾರಲ್ಲ, ಅದೇ ರೀತಿ ಇಲ್ಲೂ ಮಾಡಿದ್ದರು. ಮೊದಲ ಮಡಿಕೆ ಉದ್ದಕ್ಕೆ, ಅಂಚಿಗೆ ಅಂಚು ಸೇರಿಸಿ. ಅದರಿಂದ ತೊಂದರೆಯಿಲ್ಲ, ಎರಡೂ ಪದರದ ನವಿರು ಒಂದೇ ಕಡೆ ಇರುತ್ತದೆ. ಎರಡನೇ ಮಡಿಕೆಯನ್ನು ಅಡ್ಡಕ್ಕೆ, ಬಟ್ಟೆಯ ಒಂದು ತುದಿಯನ್ನು ಇನ್ನೊಂದು ತುದಿಗೆ ತಂದು ಹಾಕಿದರು. ಅಷ್ಟಾದ ಕೂಡಲೇ ಮೇಲಿನ ಜೋಡಿ ಪದರದ ನವಿರು ಭುಜದ ಕಡೆ, ಕೆಳಗಿನ ಜೋಡಿಯದು ಮಣಿಕಟ್ಟಿನ ಕಡೆ ಆಯಿತು. ಒಂದೊಂದು ಜೋಡಿಯಿಂದ ಒಂದೊಂದು ತೋಳು. ಸಾದಾ ಬಟ್ಟೆಯಲ್ಲಿ ಇದು ಯಾರಿಗೂ ಗೊತ್ತಾಗುವುದೇ ಇಲ್ಲ, ಅದಕ್ಕೇ ಅಷ್ಟು ವರ್ಷ ಕತ್ತರಿ ಹಿಡಿದ ಕೈಗೂ ಅದು ಹೊಳೆಯಲಿಲ್ಲ.

ಇನ್ನೊಂದು ಅಭ್ಯಾಸವೂ ಇದೇ ಅನಾಹುತ ತರುತ್ತದೆ. ಉದ್ದ ತೋಳು ಮೇಲೆ 15 ಇಂಚು, ಮಣಿಕಟ್ಟಿನಲ್ಲಿ 9 ಇಂಚು ಅಗಲ ಎಂದುಕೊಳ್ಳಿ. ಒಂದನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ ಪಕ್ಕಪಕ್ಕ ಇಟ್ಟರೆ 27 ಇಂಚಿನಲ್ಲಿ ಎರಡೂ ಮುಗಿಯುತ್ತವೆ. ಎರಡನ್ನೂ ನೆಟ್ಟಗೇ ಇಟ್ಟರೆ 30 ಇಂಚು ಬೇಕು. ಆ ಮೂರಿಂಚು ಉಳಿಸುವ ಆಸೆಗೆ ಬ್ಲೌಸೇ ಹೋಗುತ್ತದೆ. ಆದ್ದರಿಂದ ಬಟ್ಟೆ ಕೊಳ್ಳುವಾಗಲೇ ಕಾಲು ಮೀಟರ್ ಹೆಚ್ಚು ತೆಗೆದುಕೊಳ್ಳಿ, "ಉಲ್ಟಾ ಇಟ್ಟು ಕತ್ತರಿಸಬೇಡಿ" ಎಂದು ಬಾಯಿಬಿಟ್ಟು ಹೇಳಿ. ಸರಿಯಾದ ಕ್ರಮವೆಂದರೆ ಬಟ್ಟೆಯನ್ನು ಒಂದೇ ಪದರವಾಗಿ ಹಿಂಬದಿ ಮೇಲೆ ಬರುವಂತೆ ಹಾಸಿ, ಪ್ರತಿ ತುಂಡಿನ ಹಿಂದೆ ಚಾಕ್‌ನಲ್ಲಿ ಬಾಣದ ಗುರುತು ಹಾಕಿ ಕತ್ತರಿಸುವುದು. ಎರಡನೇ ತೋಳಿಗೆ ಪ್ಯಾಟರ್ನ್ ಅನ್ನು ಎಡಬಲ ಮಗುಚಿ ಹಾಕಬೇಕು, ತಲೆಕೆಳಗು ಮಾಡಬಾರದು. ಆರಿ ವರ್ಕ್ ಮಾಡಿಸುವವರು ಫ್ರೇಮಿಗೆ ಏರಿಸುವ ಮುಂಚೆಯೇ ಈ ಬಾಣ ನೋಡಿಕೊಳ್ಳಿ, ಕಸೂತಿ ಮುಗಿದ ಮೇಲೆ ದಿಕ್ಕು ಬದಲಿಸಲಾಗದು.

ಇನ್ನು ಕುತ್ತಿಗೆಯ ಪಟ್ಟಿ. ಕುತ್ತಿಗೆ ಗಟ್ಟಿ ನಿಲ್ಲಲೆಂದು ಅಂಟಿನ ಕ್ಯಾನ್ವಾಸ್ ಇಟ್ಟು ಕಾದ ಇಸ್ತ್ರಿಯಿಂದ ಒತ್ತಿದ್ದರು. ಅಂಟು ಹಿಡಿಯಬೇಕಾದರೆ ಬಿಸಿಯೂ ಬೇಕು, ಭಾರವೂ ಬೇಕು. ಎರಡೂ ವೆಲ್ವೆಟ್‌ಗೆ ಆಗದ ವಿಷಯಗಳು. ಹಿಂಬದಿಯಿಂದಲೇ ಒತ್ತಿದರೂ, ಕೆಳಗಿನ ಗಟ್ಟಿ ಮೇಜಿಗೂ ಇಸ್ತ್ರಿಗೂ ನಡುವೆ ನವಿರು ಸಿಕ್ಕಿ ಚಪ್ಪಟೆಯಾಗುತ್ತದೆ. ಬೇಕಿದ್ದರೆ ಆರ್ಗಾಂಜಾ ಅಥವಾ ತೆಳು ಕಾಟನ್ ಬಟ್ಟೆಯನ್ನು ಹೊಲಿಗೆಯಲ್ಲೇ ಸೇರಿಸಿಕೊಳ್ಳಬಹುದು, ಅಂಟು ಬೇಡವೇ ಬೇಡ.

ಒತ್ತಿದ ಗುರುತು ಹೋಗುತ್ತದೆಯೇ ಎಂದು ತಿಳಿಯಲು ಬೆರಳಿನಿಂದ ಉಜ್ಜಿ ನೋಡಿ. ನವಿರು ಬಿಡಿಬಿಡಿಯಾಗಿ ಅಲುಗಿದರೆ ಅದು ಬರೀ ಮಲಗಿದೆ. ಹಿಂಬದಿಯಿಂದ ಹಬೆ ಕೊಟ್ಟು, ಮೃದುವಾದ ಬ್ರಶ್‌ನಲ್ಲಿ ನವಿರಿಗೆ ಎದುರಾಗಿ ಮೆಲ್ಲಗೆ ಎಬ್ಬಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮುಟ್ಟಿದರೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿದ್ದು, ಹೇಗೆ ತಿರುಗಿಸಿದರೂ ಹೊಳಪು ಹಾಗೇ ಇದ್ದರೆ ಪಾಲಿಯೆಸ್ಟರ್ ಕರಗಿ ಅಂಟಿಕೊಂಡಿದೆ ಎಂದರ್ಥ. ಅದಕ್ಕೆ ಔಷಧವಿಲ್ಲ. ನಮ್ಮ ಬೆನ್ನಿನ ಅಚ್ಚು ಮೊದಲನೆಯ ಜಾತಿ, ಹಬೆಗೆ ಹೋಯಿತು. ಕುತ್ತಿಗೆಯದು ಎರಡನೆಯ ಜಾತಿ. ರೇಯಾನ್ ವೆಲ್ವೆಟ್ ಕರಗುವುದಿಲ್ಲ, ಆದರೆ ಒದ್ದೆಯಿದ್ದಾಗ ಅದರ ನೂಲು ದುರ್ಬಲ. ಹಬೆಯ ತೇವ ಆರುವ ಮುನ್ನ ಹಿಡಿದು ಒತ್ತಿದರೆ ಬೆರಳಚ್ಚೂ ಉಳಿದೀತು. ಯಾವ ಬಟ್ಟೆ ಎಂದು ಗೊತ್ತಿಲ್ಲದಿದ್ದರೆ ಅಂಚಿನ ನಾಲ್ಕು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಪಾಲಿಯೆಸ್ಟರ್ ಮುದುಡಿ ಗಟ್ಟಿ ಗುಂಡಾಗುತ್ತದೆ, ರೇಯಾನ್ ಕಾಗದದಂತೆ ಉರಿದು ಬೂದಿಯಾಗುತ್ತದೆ. ಆಧಾರದ ನೂಲು ಒಂದು, ನವಿರು ಇನ್ನೊಂದು ಆಗಿರುವುದೂ ಉಂಟು, ಹಾಗಾಗಿ ನವಿರನ್ನೂ ಬೇರೆಯಾಗಿ ಸುಟ್ಟು ನೋಡುವುದು ಒಳ್ಳೆಯದು.

ಹೊಲಿಗೆ ಬಿಡಿಸಿ ಕೂರಿಸಲು ನಾನು ಮಾಡುವುದು ಹೀಗೆ. ಉಳಿದ ವೆಲ್ವೆಟ್ ತುಂಡನ್ನು ನವಿರು ಮೇಲೆ ಬರುವಂತೆ ಮೇಜಿಗೆ ಹಾಸಿ, ಅದರ ಮೇಲೆ ಬ್ಲೌಸನ್ನು ಮುಖ ಕೆಳಗೆ ಮಾಡಿ ಇಡುತ್ತೇನೆ. ನವಿರೊಳಗೆ ನವಿರು ಹೊಕ್ಕು ನಿಲ್ಲುತ್ತದೆ. ಸ್ಟೀಮ್ ಇಸ್ತ್ರಿಯನ್ನು ಬಟ್ಟೆಗೆ ತಾಗಿಸದೆ ಅರ್ಧ ಇಂಚು ಮೇಲೆ ಹಿಡಿದು ಹಬೆ ಬಿಟ್ಟು, ಮಾರ್ಜಿನ್ ಅನ್ನು ಬೆರಳ ತುದಿಯಿಂದ ಮೆಲ್ಲಗೆ ಬಿಡಿಸಿ, ಪೂರ್ತಿ ಆರುವವರೆಗೆ ಅಲುಗಿಸುವುದಿಲ್ಲ. ಉಳಿದ ತುಂಡು ಇಲ್ಲದಿದ್ದರೆ ದಪ್ಪ ಟರ್ಕಿ ಟವೆಲ್ ಆದೀತು. ಟೈಲರ್‌ನಿಂದ ಉಳಿಕೆ ಬಟ್ಟೆಯನ್ನು ಕೇಳಿ ವಾಪಸ್ ಪಡೆಯಿರಿ ಎನ್ನುವುದು ಇದಕ್ಕೇ.

ಟ್ರಯಲ್‌ಗೆ ಹೋದಾಗ ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಬಾಗಿಲ ಹತ್ತಿರದ ಬೆಳಕಿಗೆ ತಂದು, ಪ್ರತಿ ತುಂಡನ್ನೂ ಮೇಲಿನಿಂದ ಕೆಳಕ್ಕೆ ಸವರಿ. ಒಂದು ಜಾರಿ ಇನ್ನೊಂದು ತಡೆದರೆ ಅಲ್ಲೇ ಹೇಳಿ. ಬಟ್ಟೆ ಇನ್ನೂ ಉಳಿದಿದ್ದರೆ ಹೊಸ ತೋಳು ಕತ್ತರಿಸಬಹುದು. ಜೋಡಣೆ ಸೊಟ್ಟಗಿದ್ದರೂ ಆಗಲೇ ನೋಡಿ. ಎರಡು ನವಿರು ಎದುರಾದಾಗ ಮಷಿನ್ ಕೆಳಗೆ ಮೇಲಿನ ಪದರ ಮುಂದಕ್ಕೆ ಸರಿಯುತ್ತದೆ, ಕಚ್ಚಾ ಹೊಲಿಗೆ ಹಾಕದೆ ನೇರ ಓಡಿಸಿದವರ ಕೆಲಸದಲ್ಲಿ ಹೊಲಿಗೆಯ ಕೊನೆಗೆ ಒಂದು ಬದಿ ಉದ್ದವಾಗಿ ಉಳಿದಿರುತ್ತದೆ.

ನಮ್ಮದರಲ್ಲಿ ತೋಳಿಗೆ ಬಟ್ಟೆ ಉಳಿದಿರಲಿಲ್ಲ. ಅದೇ ಬಣ್ಣ ಹುಡುಕಿದರೂ ಬೇರೆ ತಾನಿನದು ಕೂಡಲಿಲ್ಲ. ಎರಡೂ ತೋಳು ಬಿಚ್ಚಿ ನೆಟ್ ಬಟ್ಟೆಯ ತೋಳು ಹಾಕಿದೆ, ಕುತ್ತಿಗೆಯ ಹೊಳಪಿನ ಮೇಲೆ ಜರಿ ಲೇಸ್ ಕೂತಿತು. ಬಿಚ್ಚಿದ ಕಡೆ ವೆಲ್ವೆಟ್‌ನಲ್ಲಿ ಸೂಜಿಯ ತೂತು ಸಾಲಾಗಿ ಉಳಿಯುತ್ತದೆ, ಹಬೆಗೂ ಮುಚ್ಚುವುದಿಲ್ಲ. ಅದಕ್ಕೆ ಹೊಸ ಹೊಲಿಗೆಯನ್ನು ಹಳೆಯ ಗೆರೆಯಿಂದ ಒಂದು ದಾರದಷ್ಟು ಒಳಕ್ಕೆ ತೆಗೆದುಕೊಂಡು, ಆ ತೂತಿನ ಸಾಲು ಮಾರ್ಜಿನ್ ಒಳಗೆ ಹೋಗುವಂತೆ ಮಾಡಿದೆ.